ಐವತ್ತೈದು ದಿನದ ಕೊರತೆಗೆ ಹನ್ನೆರಡು ತಿಂಗಳ ಕಂತು

ಆಷಾಢ ಬಂತೆಂದರೆ ಸಣ್ಣ ಜವಳಿ ಅಂಗಡಿಯ ಗಲ್ಲಾಪೆಟ್ಟಿಗೆ ಹಗುರಾಗುತ್ತದೆ. ಮದುವೆಯಿಲ್ಲ, ಗೃಹಪ್ರವೇಶವಿಲ್ಲ, ಸೀರೆ ಕೇಳುವವರಿಲ್ಲ. ದೊಡ್ಡ ಶೋರೂಮುಗಳು ಆಷಾಢದ ರಿಯಾಯಿತಿ ಎಂದು ಬೋರ್ಡು ಹಾಕಿ ಜನರನ್ನು ಎಳೆದುಕೊಳ್ಳುತ್ತವೆ; ಹತ್ತು ಅಡಿ ಅಗಲದ ಅಂಗಡಿಗೆ ಆ ತ್ರಾಣವಿಲ್ಲ. ಬಾಡಿಗೆ, ಕೆಲಸದ ಹುಡುಗರ ಸಂಬಳ, ಕರೆಂಟ್ ಬಿಲ್ಲು ಮಾತ್ರ ತಪ್ಪದೆ ಬರುತ್ತವೆ. ಮೇಲಾಗಿ ಶ್ರಾವಣದ ವರಮಹಾಲಕ್ಷ್ಮಿಗೆ, ಅದರ ಬೆನ್ನಿಗೇ ಬರುವ ಗೌರಿ ಗಣೇಶನಿಗೆ ಮಾಲು ತರಿಸಬೇಕಾದದ್ದೂ ಇದೇ ವಾರಗಳಲ್ಲಿ. ವ್ಯಾಪಾರ ನಷ್ಟದಲ್ಲಿಲ್ಲ, ಆದರೆ ಕೈಯಲ್ಲಿ ದುಡ್ಡಿಲ್ಲ.

ಇಂಥ ಹೊತ್ತಿನಲ್ಲಿ ಎರಡು ದಾರಿ ಕಾಣುತ್ತವೆ. ಒಂದು, ಬ್ಯಾಂಕಿನಿಂದ ಕರೆಂಟ್ ಖಾತೆಗೆ ಓವರ್‌ಡ್ರಾಫ್ಟ್, ಅಂದರೆ ವ್ಯಾಪಾರಿಗಳು ಕರೆಯುವಂತೆ ಓಡಿ. ಇನ್ನೊಂದು, ಫೋನಿಗೆ ದಿನಕ್ಕೆ ಎರಡು ಬಾರಿ ಕರೆ ಮಾಡಿ ಕೊಡುತ್ತೇವೆ ಎನ್ನುವ ಪರ್ಸನಲ್ ಲೋನ್. ಎರಡರ ಬಡ್ಡಿ ದರವನ್ನು ಪಕ್ಕಪಕ್ಕ ಇಟ್ಟು ನೋಡಿ ತೀರ್ಮಾನಿಸುವವರೇ ಹೆಚ್ಚು. ನನ್ನ ಪ್ರಕಾರ ದರ ಎರಡನೆಯ ಪ್ರಶ್ನೆ. ಮೊದಲು ಕೇಳಿಕೊಳ್ಳಬೇಕಾದದ್ದು, ಈ ದುಡ್ಡು ಯಾವಾಗ ವಾಪಸು ಬರುತ್ತದೆ ಎಂದು.

ಒಂದು ಲೆಕ್ಕ ಹಾಕೋಣ. ದಾವಣಗೆರೆಯಲ್ಲೊಂದು ಬಟ್ಟೆ ಅಂಗಡಿ ಇದೆ ಎಂದುಕೊಳ್ಳಿ. 3 ಲಕ್ಷ ರೂಪಾಯಿ ಓಡಿ ಮಿತಿ, ಬಡ್ಡಿ ವರ್ಷಕ್ಕೆ ಶೇ 12. ಆಷಾಢದ ಆರಂಭದಲ್ಲಿ ಬಾಡಿಗೆ, ಸಂಬಳ, ಹಳೆಯ ಬಾಕಿಗೆಂದು ಮಾಲೀಕರು 80,000 ತೆಗೆಯುತ್ತಾರೆ. ಹದಿನೈದು ದಿನದ ಬಳಿಕ ಹಬ್ಬದ ಮಾಲಿಗೆ ಇನ್ನೂ 1,20,000. ಹೀಗೆ 2 ಲಕ್ಷದ ಬಾಕಿ ಇಪ್ಪತ್ತು ದಿನ ನಿಲ್ಲುತ್ತದೆ. ಶ್ರಾವಣದ ವ್ಯಾಪಾರ ಶುರುವಾಗಿ ಹಣ ಖಾತೆಗೆ ಬೀಳುತ್ತಿದ್ದಂತೆ ಬಾಕಿ 1,40,000ಕ್ಕೆ ಇಳಿದು ಹತ್ತು ದಿನ, ಆಮೇಲೆ 60,000ಕ್ಕೆ ಇಳಿದು ಮತ್ತೆ ಹತ್ತು ದಿನ ಇರುತ್ತದೆ. ಐವತ್ತೈದು ದಿನಕ್ಕೆ ಖಾತೆ ಚುಕ್ತಾ.

ಓಡಿಯಲ್ಲಿ ಬಡ್ಡಿ ಬೀಳುವುದು ಮಂಜೂರಾದ ಮಿತಿಯ ಮೇಲಲ್ಲ. ಪ್ರತಿದಿನದ ಕೊನೆಗೆ ಎಷ್ಟು ಬಾಕಿ ಇದೆಯೋ ಅಷ್ಟಕ್ಕೆ, ಅಷ್ಟು ದಿನಕ್ಕೆ ಮಾತ್ರ. ತಿಂಗಳಿಗೊಮ್ಮೆ ಅದನ್ನು ಖಾತೆಗೆ ಖರ್ಚು ಹಾಕುತ್ತಾರೆ. ಮೇಲಿನ ನಾಲ್ಕು ಹಂತಗಳನ್ನು ಕೂಡಿದರೆ ಬಡ್ಡಿ ಸುಮಾರು 2,367 ರೂಪಾಯಿ. ಮಿತಿ ಮಂಜೂರು ಮಾಡಲು ವರ್ಷಕ್ಕೆ 1,500 ರೂಪಾಯಿ ಶುಲ್ಕ, ಅದರ ಮೇಲೆ ಶೇ 18 ಜಿಎಸ್‌ಟಿ ಎಂದಿಟ್ಟುಕೊಂಡರೂ ಒಟ್ಟು ಖರ್ಚು 4,137.

ಇದೇ ಅಂಗಡಿ 2 ಲಕ್ಷ ರೂಪಾಯಿ ಪರ್ಸನಲ್ ಲೋನ್ ತೆಗೆದುಕೊಂಡಿದ್ದರೆ? ಶೇ 15 ಬಡ್ಡಿ, ಹನ್ನೆರಡು ಕಂತು. ಪ್ರೊಸೆಸಿಂಗ್ ಶುಲ್ಕ ಶೇ 2, ಜಿಎಸ್‌ಟಿ ಸೇರಿ 4,720 ಮೊದಲೇ ಮುರಿದುಕೊಂಡು ಕೈಗೆ ಬರುವುದು 1,95,280. ತಿಂಗಳ ಕಂತು ಸುಮಾರು 18,052. ವರ್ಷಕ್ಕೆ ಬಡ್ಡಿ 16,620. ಶುಲ್ಕವೂ ಸೇರಿ 21,340. ಆದರೆ ಹೆಚ್ಚು ನೋಯಿಸುವುದು ಈ ಮೊತ್ತವಲ್ಲ, ಮೊದಲ ಕಂತಿನ ತಾರೀಖು. ಸಾಲ ಪಡೆದ ತಿಂಗಳಿಗೇ ಕಂತು ಬರುತ್ತದೆ, ಅಂದರೆ ಮಾಲು ಇನ್ನೂ ಕಪಾಟಿನಲ್ಲಿರುವಾಗಲೇ. ದುಡ್ಡಿಲ್ಲವೆಂದು ತಂದ ದುಡ್ಡಿನಲ್ಲೇ ಕಂತು ಕಟ್ಟಬೇಕಾಗುತ್ತದೆ.

‘ಹಬ್ಬ ಮುಗಿದ ಮೇಲೆ ಪೂರ್ತಿ ಕಟ್ಟಿ ಮುಗಿಸಿದರಾಯಿತು’ ಎನ್ನುವವರಿದ್ದಾರೆ. ಪರ್ಸನಲ್ ಲೋನಿನ ದರ ಸಾಮಾನ್ಯವಾಗಿ ಸ್ಥಿರ ದರ. ಅವಧಿಗೆ ಮೊದಲೇ ತೀರಿಸಿದರೆ ಶುಲ್ಕ ಕೇಳುವವರು ಬಹಳ, ಕೆಲವರು ಮೊದಲ ಕೆಲವು ಕಂತುಗಳ ತನಕ ತೀರಿಸಲು ಬಿಡುವುದೇ ಇಲ್ಲ. ಮೂರು ಕಂತು ಕಟ್ಟಿ ಉಳಿದ 1,52,759 ರೂಪಾಯಿ ಒಮ್ಮೆಲೇ ಕಟ್ಟುವಾಗ ಶೇ 4 ಶುಲ್ಕ ಮತ್ತು ಜಿಎಸ್‌ಟಿ ಬಿದ್ದರೆ ಅದೇ 7,210 ಆಗುತ್ತದೆ. ಆಗ ಒಟ್ಟು ಖರ್ಚು ಸುಮಾರು 18,845. ಒಂಬತ್ತು ತಿಂಗಳು ಮೊದಲೇ ಮುಗಿಸಿಯೂ ಉಳಿದದ್ದು ಎರಡೂವರೆ ಸಾವಿರ! ಶುಲ್ಕ ಒಬ್ಬೊಬ್ಬರಲ್ಲಿ ಒಂದೊಂದು ರೀತಿ ಇರುತ್ತದೆ. ರಿಸರ್ವ್ ಬ್ಯಾಂಕಿನ ನಿಯಮದಂತೆ 2024ರ ಅಕ್ಟೋಬರ್‌ನಿಂದ ಇಂಥ ಸಾಲ ಕೊಡುವವರು ಎಲ್ಲ ಖರ್ಚು ಸೇರಿಸಿದ ವಾರ್ಷಿಕ ದರವನ್ನು ತೋರಿಸುವ ‘ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್’ ಕೊಡಲೇಬೇಕು. ಸಹಿಗೆ ಮುನ್ನ ಅದನ್ನು ಕೇಳಿ ಪಡೆದು, ಅವಧಿಗೆ ಮುನ್ನ ತೀರಿಸುವ ಶುಲ್ಕದ ಸಾಲನ್ನು ಓದಬೇಕು.

ಇಷ್ಟು ಓದಿದವರಿಗೆ ಓಡಿಯೇ ಸರಿ ಅನ್ನಿಸಬಹುದು. ಅಲ್ಲೊಂದು ಗುಂಡಿಯಿದೆ. ಹಬ್ಬದ ಹಣ ಬಂತು, ಬಾಕಿ ಇಳಿಯಿತು, ಮಿತಿಯಲ್ಲಿ ಜಾಗ ಕಂಡಿತು. ಮಗಳ ಕಾಲೇಜು ಫೀಸಿಗೆ, ಮನೆಯ ಸೂರು ರಿಪೇರಿಗೆ ಮತ್ತೆ ತೆಗೆದದ್ದಾಯಿತು. ಬಾಕಿ ವರ್ಷವಿಡೀ 2 ಲಕ್ಷದಲ್ಲೇ ನಿಂತರೆ ತಿಂಗಳಿಗೆ 2,000ದಂತೆ ಬಡ್ಡಿಯೇ 24,000. ಪರ್ಸನಲ್ ಲೋನಿನ ಇಡೀ ಖರ್ಚಿಗಿಂತ ಅದು ಹೆಚ್ಚು. ಅಲ್ಲಿ ವರ್ಷದ ಕೊನೆಗೆ ಸಾಲ ತೀರಿರುತ್ತದೆ, ಇಲ್ಲಿ 2 ಲಕ್ಷ ಹಾಗೇ ಇರುತ್ತದೆ. ಶೇ 12ರ ಸಾಲ ಶೇ 15ರ ಸಾಲಕ್ಕಿಂತ ದುಬಾರಿಯಾಗುವುದು ಹೀಗೆ. ಹಾಗಾಗಿ ಅಂಗಡಿಯ ಹೊಸ ಕಪಾಟು, ಸ್ಕೂಟರು, ಆಸ್ಪತ್ರೆಯ ಖರ್ಚು, ಯಾವುದರ ಹಣ ಎರಡು ತಿಂಗಳಲ್ಲಿ ವ್ಯಾಪಾರದಿಂದ ವಾಪಸು ಬರುವುದಿಲ್ಲವೋ ಅದಕ್ಕೆಲ್ಲ ಕಂತಿನ ಸಾಲವೇ ಮೇಲು.

ಓಡಿ ಇರುವವರು ಇನ್ನೊಂದು ಸಣ್ಣ ವಿಷಯ ನೋಡಿಕೊಳ್ಳಬೇಕು. ಅಂಗಡಿಯ ಮುಂದೆ ಅಂಟಿಸಿದ ಕ್ಯೂಆರ್ ಕೋಡಿನ ಹಣ ಯಾವ ಖಾತೆಗೆ ಹೋಗುತ್ತಿದೆ? ಎಷ್ಟೋ ಕಡೆ ಅದು ಮಾಲೀಕರ ಉಳಿತಾಯ ಖಾತೆಗೆ ಬೀಳುತ್ತಿರುತ್ತದೆ. ಅಲ್ಲಿ ಶೇ 2.5ರ ಆಸುಪಾಸಿನ ಬಡ್ಡಿ, ಇಲ್ಲಿ ಓಡಿಗೆ ಶೇ 12 ದಂಡ. ದಿನದ ವ್ಯಾಪಾರವೆಲ್ಲ ಓಡಿ ಖಾತೆಗೇ ಬಂದರೆ ಆ ರಾತ್ರಿಯ ಬಾಕಿಯೇ ಕಡಿಮೆ. ಬ್ಯಾಂಕಿಗೂ ವಹಿವಾಟು ಕಾಣುತ್ತದೆ. ಬಾಕಿ ಮಿತಿಯನ್ನು ಮೀರಿ ಸತತ 90 ದಿನ ನಿಂತರೆ, ಇಲ್ಲವೇ 90 ದಿನ ಜಮೆಯೇ ಇಲ್ಲದಿದ್ದರೆ ಅಥವಾ ಜಮೆ ಬಡ್ಡಿಗೂ ಸಾಲದಿದ್ದರೆ ಆ ಖಾತೆ ವಸೂಲಾಗದ ಸಾಲದ ಪಟ್ಟಿಗೆ ಸೇರುತ್ತದೆ.

ಓಡಿಯ ದೊಡ್ಡ ಅಡಚಣೆ ಎಂದರೆ ಅದು ಬೇಕಾದ ದಿನ ಸಿಗುವುದಿಲ್ಲ. ಬ್ಯಾಂಕು ಜಿಎಸ್‌ಟಿ ರಿಟರ್ನ್, ಆದಾಯ ತೆರಿಗೆ ರಿಟರ್ನ್, ಖಾತೆಯ ವಹಿವಾಟು ನೋಡಿ ಮಿತಿ ಕಟ್ಟುತ್ತದೆ. ಸಣ್ಣ ವ್ಯಾಪಾರಕ್ಕೆ ಮುಂದಿನ ವರ್ಷದ ಅಂದಾಜು ವಹಿವಾಟಿನ ಶೇ 20ರಷ್ಟು ಎಂಬುದು ಹಳೆಯ ಅಳತೆ. ಇದಕ್ಕೆ ವಾರಗಳೇ ಹಿಡಿಯುತ್ತವೆ. ಆಷಾಢದ ಹಣಕ್ಕೆ ಅರ್ಜಿ ಹಾಕಬೇಕಾದದ್ದು ಯುಗಾದಿಯ ಹೊತ್ತಿಗೆ, ಮದುವೆ ಸೀಸನ್ನಿನಲ್ಲಿ ಖಾತೆ ತುಂಬಿ ಕಾಣುವಾಗ. ಠೇವಣಿ ಇದ್ದವರಿಗೆ ಇಷ್ಟು ಕಾಯುವ ಕೆಲಸವಿಲ್ಲ: ಅದನ್ನು ಮುರಿಯದೆ ಅದರ ಮೇಲೇ ಓಡಿ ಪಡೆಯಬಹುದು, ಸಾಮಾನ್ಯವಾಗಿ ಠೇವಣಿಯ ಶೇ 90ರವರೆಗೆ, ಠೇವಣಿಯ ಬಡ್ಡಿಗಿಂತ ಶೇ 1 ಅಥವಾ 2 ಹೆಚ್ಚು ದರದಲ್ಲಿ. ಇವೆರಡೂ ಇಲ್ಲದೆ ನಾಳೆಯೇ ಹಣ ಬೇಕೆಂದಾದರೆ ಪರ್ಸನಲ್ ಲೋನ್ ತೆಗೆದುಕೊಳ್ಳಬೇಕಾಗಬಹುದು. ಆಗ ಕೊಡುತ್ತೇವೆಂದಷ್ಟಲ್ಲ, ಕೊರತೆ ಇದ್ದಷ್ಟನ್ನೇ ಪಡೆಯುವುದು ಒಳ್ಳೆಯದು.

ಈಗಾಗಲೇ ಓಡಿ ಇದ್ದವರು ಕಳೆದ ಹನ್ನೆರಡು ತಿಂಗಳ ಸ್ಟೇಟ್‌ಮೆಂಟ್ ತೆಗೆದು, ಪ್ರತಿ ತಿಂಗಳು ಬಾಕಿ ಅತಿ ಕಡಿಮೆ ಇದ್ದ ದಿನದ ಮೊತ್ತವನ್ನು ಬರೆದಿಟ್ಟುಕೊಳ್ಳಲಿ. ಗೌರಿ ಗಣೇಶ, ದೀಪಾವಳಿ ಮುಗಿದ ಮೇಲೂ ಅದು 1,20,000ಕ್ಕಿಂತ ಕೆಳಗೆ ಇಳಿದಿಲ್ಲವಾದರೆ ಅಷ್ಟು ಹಣ ಇನ್ನು ತಾನಾಗಿ ತೀರುವುದಿಲ್ಲ. ಆ ಭಾಗವನ್ನು ಕಂತಿನ ಸಾಲವಾಗಿ ಬದಲಿಸಿಕೊಡಿ, ಮಿಕ್ಕಿದ್ದಕ್ಕೆ ಮಾತ್ರ ಓಡಿ ಮಿತಿ ಇರಲಿ ಎಂದು ಬ್ಯಾಂಕಿನ ಮ್ಯಾನೇಜರರನ್ನು ಕೇಳಬಹುದು. ಮಿತಿಯನ್ನು ವರ್ಷಕ್ಕೊಮ್ಮೆ ನವೀಕರಿಸುವಾಗ ಕೇಳಿದರೆ ಕಾಗದಪತ್ರ ಹೇಗೂ ಮೇಜಿನ ಮೇಲೇ ಇರುತ್ತದೆ.