ಮುಚ್ಚಳಿಕೆ ಬರೆದುಕೊಟ್ಟ ಮೇಲೆ

ಹೆಣ್ಣಿಗೆ 18, ಗಂಡಿಗೆ 21 ತುಂಬದೆ ಮದುವೆ ಮಾಡುವಂತಿಲ್ಲ ಎನ್ನುವುದು ಲಗ್ನಪತ್ರಿಕೆ ಅಚ್ಚು ಹಾಕುವವನಿಗೂ ಗೊತ್ತು. 1929ರ ಶಾರದಾ ಕಾಯ್ದೆಯಲ್ಲಿ ಹೆಣ್ಣಿನ ವಯಸ್ಸು 14 ಇತ್ತು. ಅದು 18ಕ್ಕೆ ಬಂದದ್ದು 1978ರಲ್ಲಿ. ಆದರೂ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಕರ್ನಾಟಕದ 20ರಿಂದ 24 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಐವರಲ್ಲಿ ಒಬ್ಬಳಿಗಿಂತ ಹೆಚ್ಚು ಮಂದಿಗೆ 18 ತುಂಬುವ ಮೊದಲೇ ಮದುವೆಯಾಗಿತ್ತು.

ಹಾಗಾದರೆ ಕಾನೂನು ತೊಡರಿಕೊಳ್ಳುವುದೆಲ್ಲಿ? ಒಂದು ಮದುವೆಯನ್ನು ಊಹಿಸಿಕೊಳ್ಳಿ. ಹುಡುಗಿ ಎಸ್ಸೆಸ್ಸೆಲ್ಸಿ ಮುಗಿಸಿದ್ದಾಳೆ, 17 ತುಂಬಲು ಇನ್ನೂ ಎರಡು ತಿಂಗಳಿದೆ. ವರ ಸೋದರಮಾವ. ಅಜ್ಜಿ ಕಣ್ಣು ಮುಚ್ಚುವುದರೊಳಗೆ ಅಕ್ಷತೆ ಬೀಳಲಿ ಎಂಬ ಆತುರ. ಹಿಂದಿನ ರಾತ್ರಿ ಯಾರೋ 1098ಕ್ಕೆ ಫೋನ್ ಮಾಡುತ್ತಾರೆ. ಬೆಳಿಗ್ಗೆ ಅಧಿಕಾರಿಗಳು, ಪೊಲೀಸರು ಬರುವಷ್ಟರಲ್ಲಿ ಚಪ್ಪರದಡಿ ಅಡುಗೆ ಬೇಯುತ್ತಿರುತ್ತದೆ.

ಮೊದಲ ಜಗಳ ವಯಸ್ಸಿನದು. ಮನೆಯವರು ಆಧಾರ್ ತೋರಿಸುತ್ತಾರೆ, ಅದರಲ್ಲಿ 18 ದಾಟಿದೆ. ಅಧಿಕಾರಿ ಶಾಲಾ ದಾಖಲೆ ಕೇಳುತ್ತಾರೆ. ಅದೂ ಇಲ್ಲ, ಜನನ ಪ್ರಮಾಣಪತ್ರವೂ ಇಲ್ಲವೆಂದಾದರೆ ಉಳಿಯುವುದು ಮೂಳೆ ಪರೀಕ್ಷೆ. ಅದು ಒಂದೆರಡು ವರ್ಷ ಆಚೀಚೆ ಹೇಳುವಂಥದ್ದು. ಹದಿನೇಳಕ್ಕೂ ಹದಿನೆಂಟಕ್ಕೂ ಗೆರೆ ಎಳೆಯಲಾರದು. ನಮ್ಮ ಹುಡುಗಿಯ ಅಂಕಪಟ್ಟಿ ಇದೆ, ಮದುವೆ ನಿಲ್ಲುತ್ತದೆ. 18 ತುಂಬುವವರೆಗೆ ಮದುವೆ ಮಾಡುವುದಿಲ್ಲ ಎಂದು ತಂದೆ ಮುಚ್ಚಳಿಕೆ ಬರೆದುಕೊಡುತ್ತಾರೆ. ಜೀಪು ಹೊರಡುತ್ತದೆ.

ಕಷ್ಟ ಶುರುವಾಗುವುದು ಆಮೇಲೆ. ತಂದೆ ಸಾಲ ಮಾಡಿದ್ದಾಗಿದೆ, ನೆಂಟರು ಬಂದಿದ್ದಾಗಿದೆ, ನಿಂತುಹೋದ ಮದುವೆಯ ಹುಡುಗಿ ಎಂಬ ಮಾತೂ ಊರಲ್ಲಿ ಎದ್ದಿದೆ. ಹದಿನೈದು ದಿನದಲ್ಲಿ ಪಕ್ಕದ ಜಿಲ್ಲೆಯ ಯಾವುದೋ ಗುಡಿಯಲ್ಲಿ, ಓಲಗವಿಲ್ಲದೆ, ಪತ್ರಿಕೆಯಿಲ್ಲದೆ ತಾಳಿ ಬೀಳುತ್ತದೆ. ಇದನ್ನು ತಡೆಯಲು ಮುಚ್ಚಳಿಕೆಗಿಂತ ಗಟ್ಟಿಯಾದ ದಾರಿ 2006ರ ಕಾಯ್ದೆಯಲ್ಲೇ ಇದೆ: 13ನೇ ಕಲಮಿನಡಿ ಮ್ಯಾಜಿಸ್ಟ್ರೇಟರಿಂದ ತಡೆಯಾಜ್ಞೆ. ಅದನ್ನು ಮೀರಿ ನಡೆದ ಮದುವೆ ಮದುವೆಯೇ ಅಲ್ಲ, ಮೀರಿದವರಿಗೆ ಜೈಲೂ ಉಂಟು. ಆದರೆ ಅದಕ್ಕೆ ಕೋರ್ಟಿಗೆ ಹೋಗಬೇಕು. ಮುಚ್ಚಳಿಕೆಗೆ ಒಂದು ಹಾಳೆ ಸಾಕು.

ಕರ್ನಾಟಕ ತನ್ನ ತಿದ್ದುಪಡಿಯಿಂದ ಇಂಥ ಪ್ರತಿ ಮದುವೆಯನ್ನೂ ಹುಟ್ಟಿನಿಂದಲೇ ಅಸಿಂಧು ಎಂದು ಸಾರಿತು. 2017ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಮೆಚ್ಚಿತು. ಕಾಗದದಲ್ಲಿ ಬಿದ್ದ ಮದುವೆ ಮನೆಯಲ್ಲಿ ನಿಂತೇ ಇರುತ್ತದೆ, ಅದು ಬೇರೆ ಮಾತು. ಹುಡುಗಿ ಗರ್ಭಿಣಿಯಾಗಿ ತಾಯಿ ಕಾರ್ಡಿಗೆ ಬಂದಾಗ ಗುಟ್ಟು ಹೊರಬೀಳುತ್ತದೆ. 18ರೊಳಗಿನವಳಾದರೆ ಪೋಕ್ಸೋ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು, ಗಂಡನೇ ಆರೋಪಿ. ಆ ಹೆದರಿಕೆಗೆ ಕೆಲವರು ವಯಸ್ಸು ಹೆಚ್ಚು ಬರೆಸುತ್ತಾರೆ, ಕೆಲವರು ಆಸ್ಪತ್ರೆಯ ಕಡೆಗೇ ಸುಳಿಯುವುದಿಲ್ಲ. ಅಪಾಯ ಮಾತ್ರ ಆ ಎಳೆಯ ಮೈಗೇ.

ನನಗೆ ಕಾಣುವಂತೆ, ದಾಳಿಯ ಮುಂಜಾನೆಗಿಂತ ಅದರ ಮುಂದಿನ ತಿಂಗಳು ಮುಖ್ಯ. ನಿಮ್ಮೂರಲ್ಲಿ ಒಂದು ಮದುವೆ ನಿಂತಿತೆಂದು ಕೇಳಿದರೆ, ಜೂನ್‌ನಲ್ಲಿ ಆ ಹುಡುಗಿ ಕಾಲೇಜಿಗೆ ಸೇರಿದಳೇ ಎಂದು ಒಮ್ಮೆ ವಿಚಾರಿಸಿ. ಸೇರಿಲ್ಲವೆಂದರೆ 1098ಕ್ಕೆ ಮತ್ತೊಂದು ಫೋನ್ ಮಾಡಿ.