ಮೊಬೈಲ್‌ನಲ್ಲಿ ಕಾಣುವ ಔಡಲದ ದರ ಉಂಡವಳ್ಳಿಯ ದರವಲ್ಲ, ಯಾಕೆ?

ರಾಯಚೂರಿಗೆ ಹೊಂದಿಕೊಂಡಿರುವ ಗದ್ವಾಲ ಜಿಲ್ಲೆಯ ಉಂಡವಳ್ಳಿ, ಹಿಂದಿನ ಮಹಬೂಬ್‌ನಗರ ಜಿಲ್ಲೆಗೆ ಸೇರಿದ ಸೀಮೆ. ಈ ಸೀಮೆಯಲ್ಲಿ ಔಡಲ, ಅಂದರೆ ಹರಳು, ಹಳೆಯ ಬೆಳೆ. ಇದರ ಫ್ಯೂಚರ್ಸ್ ವ್ಯಾಪಾರ ನಡೆಯುವುದು ಎನ್‌ಸಿಡಿಇಎಕ್ಸ್ ವಿನಿಮಯ ಕೇಂದ್ರದಲ್ಲಿ. ಅಲ್ಲಿನ ದರಕ್ಕೆ ಆಧಾರ ಗುಜರಾತಿನ ಡೀಸಾ ಮಾರುಕಟ್ಟೆ.

ಲೆಕ್ಕಕ್ಕೆ ಒಂದು ಉದಾಹರಣೆ ನೋಡೋಣ. ಡೀಸಾದಲ್ಲಿ ಇವತ್ತಿನ ದರ ಕ್ವಿಂಟಲ್‌ಗೆ 6,000 ರೂಪಾಯಿ, ಮೂರು ತಿಂಗಳ ನಂತರದ ಫ್ಯೂಚರ್ಸ್ ದರ 6,300 ಎಂದಿಟ್ಟುಕೊಳ್ಳಿ. ಇವತ್ತಿನ ದರದಿಂದ ಫ್ಯೂಚರ್ಸ್ ದರ ಕಳೆದರೆ ಸಿಗುವುದೇ 'ಬೇಸಿಸ್'. ಇಲ್ಲಿ ಅದು ಮೈನಸ್ 300. ಮೂರು ತಿಂಗಳ ಬಡ್ಡಿ 180, ಗೋದಾಮು, ವಿಮೆ ಮತ್ತಿತರ ಖರ್ಚು 50 ಆದರೆ, ಸರಕು ಇಟ್ಟುಕೊಳ್ಳಲು ತಗಲುವುದು 230 ಮಾತ್ರ. ಅಂದರೆ ಫ್ಯೂಚರ್ಸ್ 70 ರೂಪಾಯಿ ದುಬಾರಿ.

ಆಗ ವ್ಯಾಪಾರಿ ಇವತ್ತೇ ಸರಕು ಖರೀದಿಸಿ, ಅದೇ ಹೊತ್ತಿಗೆ ಫ್ಯೂಚರ್ಸ್ ಮಾರುತ್ತಾನೆ. ಇದೇ 'ಕ್ಯಾಶ್ ಅಂಡ್ ಕ್ಯಾರಿ'. ಗಡುವಿನ ದಿನ ಎರಡು ದರಗಳೂ ಒಂದಕ್ಕೊಂದು ಸೇರುತ್ತವೆ. ಯಾಕೆಂದರೆ ಆ ದಿನವೂ ಫ್ಯೂಚರ್ಸ್ ದುಬಾರಿಯಾಗಿದ್ದರೆ, ಯಾರಾದರೂ ಮಾರುಕಟ್ಟೆಯಲ್ಲಿ ಸರಕು ಕೊಂಡು ಅಲ್ಲೇ ಒಪ್ಪಿಸಿ ವ್ಯತ್ಯಾಸ ಜೇಬಿಗಿಳಿಸುತ್ತಾರೆ. ದರ 5,700ಕ್ಕೆ ಬಿದ್ದರೆ ಸರಕಿನಲ್ಲಿ 300 ನಷ್ಟ, ಫ್ಯೂಚರ್ಸ್‌ನಲ್ಲಿ 600 ಲಾಭ. 6,900ಕ್ಕೆ ಏರಿದರೆ ಸರಕಿನಲ್ಲಿ 900 ಲಾಭ, ಫ್ಯೂಚರ್ಸ್‌ನಲ್ಲಿ 600 ನಷ್ಟ. ಎರಡರಲ್ಲೂ ಸಿಗುವುದು ಅದೇ 300. ಖರ್ಚು ಕಳೆದರೆ 70.

ಆದರೆ ಫ್ಯೂಚರ್ಸ್ ನಷ್ಟವನ್ನು ಗಡುವಿನವರೆಗೆ ಕಾಯದೆ ದಿನಾದಿನವೂ ಕಟ್ಟಬೇಕು. ಐದು ಟನ್ನಿನ ಒಂದು ಲಾಟ್‌ಗೆ ಆ 600 ಅಂದರೆ 30,000 ರೂಪಾಯಿ. ಸರಕಿನ ಲಾಭ ಇನ್ನೂ ಗೋದಾಮಿನಲ್ಲೇ ಇರುತ್ತದೆ. ಕೈಯಲ್ಲಿ ನಗದು ಇಲ್ಲದಿದ್ದರೆ ಬ್ರೋಕರ್ ಸೌದಾವನ್ನು ಮಧ್ಯದಲ್ಲೇ ಮುಗಿಸಿಬಿಡುತ್ತಾನೆ. ಮತ್ತೊಂದು ಅಪಾಯವೂ ಇದೆ. 2016ರ ಜನವರಿಯಲ್ಲಿ ದರ ಕುಸಿದಾಗ ವಿನಿಮಯ ಕೇಂದ್ರವೇ ಔಡಲದ ಫ್ಯೂಚರ್ಸ್ ವ್ಯಾಪಾರವನ್ನು ಸ್ಥಗಿತಗೊಳಿಸಿತ್ತು.

ಈಗ ಉಂಡವಳ್ಳಿಗೆ ಬನ್ನಿ. ಇಲ್ಲಿ ದರ 5,700 ಇದ್ದರೆ, ಮೊಬೈಲ್‌ನಲ್ಲಿ 6,300 ನೋಡಿದ ಹುಡುಗನಿಗೆ 600 ಲಾಭ ಖಚಿತ ಅನಿಸಬಹುದು. ಆದರೆ ಲಾರಿ ಬಾಡಿಗೆ, ಹಮಾಲಿ ಸೇರಿ ಡೀಸಾಕ್ಕೆ 350 ತಗಲಿದರೆ, ಮೇಲಿನ 230 ಕೂಡಿಸಿ ಉಳಿಯುವುದು 20 ಮಾತ್ರ. ತೆರಿಗೆ, ಬ್ರೋಕರ್ ಶುಲ್ಕ ಇನ್ನೂ ಬಾಕಿ. ಗುಣಮಟ್ಟದ ಪರೀಕ್ಷೆಯಲ್ಲಿ ಸರಕು ತಿರಸ್ಕೃತವಾದರೆ ಅದೂ ಇಲ್ಲ.

ಸರಕನ್ನು ಇಲ್ಲೇ ಮಾರುತ್ತೇನೆ ಎಂದರೆ ಲೆಕ್ಕವೇ ಬೇರೆ. ಗಡುವಿನ ದಿನ ಫ್ಯೂಚರ್ಸ್ ಬಂದು ಸೇರುವುದು ಡೀಸಾದ ದರಕ್ಕೆ, ಉಂಡವಳ್ಳಿಯ ದರಕ್ಕಲ್ಲ. ಹಾಗಾಗಿ ಲಾಭದ ಲೆಕ್ಕ ಹಾಕುವ ಮೊದಲು ಕೇಳಬೇಕಾದ ಪ್ರಶ್ನೆ: ಸರಕನ್ನು ಒಪ್ಪಿಸಬೇಕಾದ ಗೋದಾಮು ಎಲ್ಲಿದೆ, ಅಲ್ಲಿಗೆ ಮುಟ್ಟಿಸಲು ಎಷ್ಟು ಖರ್ಚು?