ಮೂರನೇ ದಿನದ ಪ್ರಶ್ನೆ

ಫಿಸಿಯೋಥೆರಪಿಸ್ಟ್ ಹುದ್ದೆಯ ಸಂದರ್ಶನಕ್ಕೆ ಬರುವವರ ಮುಂದೆ ನಾನು ಸಾಮಾನ್ಯವಾಗಿ ಒಂದೇ ಕೇಸ್ ಇಡುತ್ತೇನೆ. ಅರವತ್ತು ದಾಟಿದ ಹೆಂಗಸು. ಮೊದಲ ಸಲ ಲಕ್ವ ಹೊಡೆದು ಇವತ್ತಿಗೆ ಮೂರನೇ ದಿನ. ಮಿದುಳಿನ ಬಲಭಾಗದ ರಕ್ತನಾಳದಲ್ಲಿ ಹೆಪ್ಪುಗಟ್ಟಿದ್ದರಿಂದ ಎಡಗೈ, ಎಡಗಾಲು ಬಿದ್ದುಹೋಗಿವೆ. ಮಗ ಮಂಚದ ಪಕ್ಕದಲ್ಲೇ ನಿಂತಿದ್ದಾನೆ. ನೀವು ವಾರ್ಡಿಗೆ ಕಾಲಿಡುತ್ತೀರಿ, ಮೊದಲು ಏನು ಮಾಡುತ್ತೀರಿ?

ಅನೇಕರು ನೇರವಾಗಿ ವ್ಯಾಯಾಮದ ಪಟ್ಟಿ ಒಪ್ಪಿಸುತ್ತಾರೆ. ಈಚೆಗೆ ಬಂದ ಒಬ್ಬ ಹುಡುಗಿ ಮಾತ್ರ, "ಮೊದಲು ಕೇಸ್ ಶೀಟ್ ಓದ್ತೀನಿ ಸರ್. ಬಿಪಿ ಎಷ್ಟಿದೆ, ಪ್ರಜ್ಞೆ ಹೇಗಿದೆ, ಎಬ್ಬಿಸಿ ಕೂರಿಸೋಕೆ ಡಾಕ್ಟರು ಒಪ್ಪಿದ್ದಾರಾ ಅಂತ ನೋಡ್ತೀನಿ" ಎಂದಳು. ಆಮೇಲೆ ಕೇಳಿದಳು: "ಊಟ ಆಗಿದ್ಯಾ? ತಟ್ಟೆ ಇನ್ನೂ ಅಲ್ಲೇ ಇದ್ಯಾ?"

ಆ ತಟ್ಟೆಯಲ್ಲಿ ದೊಡ್ಡ ಸುಳಿವೇ ಸಿಗಬಹುದು. ಬಲಭಾಗದ ಅನ್ನ ಖಾಲಿಯಾಗಿ ಎಡಭಾಗದ ಪಲ್ಯ ಮುಟ್ಟದೇ ಉಳಿದಿದ್ದರೆ, ಆಕೆಯ ಮಿದುಳು ಎಡಗಡೆಯ ಜಗತ್ತನ್ನೇ ಗಮನಿಸುತ್ತಿಲ್ಲ ಎಂದು ಅನುಮಾನಿಸಬೇಕು. ಕಣ್ಣಿನಲ್ಲಿ ದೋಷವಿಲ್ಲದೆಯೂ ಹೀಗಾಗುತ್ತದೆ. ಮನೆಯವರು ಇದನ್ನು ಹಟವೆಂದೋ ಮರೆವೆಂದೋ ತಿಳಿಯುತ್ತಾರೆ. ಇದನ್ನು ಗುರುತಿಸದೆ ನಡೆಸಲು ಹೊರಟರೆ ಆಕೆ ಎಡಗಡೆಯ ಬಾಗಿಲಿಗೆ ಡಿಕ್ಕಿ ಹೊಡೆದು ಬೀಳುತ್ತಾರೆ.

ಆಮೇಲೆ ಮುಖ್ಯವಾದ ಎರಡು ಪರೀಕ್ಷೆಗಳು. ಮಂಚದ ಅಂಚಿನಲ್ಲಿ ಆಸರೆಯಿಲ್ಲದೆ 30 ಸೆಕೆಂಡ್ ಕೂರಬಲ್ಲರೇ? ಸೊತ್ತಿಲ್ಲದ ಕಾಲಿನ ಸೊಂಟ, ಮಂಡಿ, ಪಾದಗಳಲ್ಲಿ ಸ್ನಾಯು ಬಿಗಿಯಾಗುವುದು ಕೈಗೆ ತಿಳಿಯುತ್ತದೆಯೇ, ಅಥವಾ ಒಂದು ಕೀಲಾದರೂ ತಾನಾಗಿ ಅಲುಗುತ್ತದೆಯೇ? ಇಂಥದೇ ರೋಗಿಗಳನ್ನು ಗಮನಿಸಿ ನೆದರ್ಲೆಂಡ್ಸ್‌ನ ಸಂಶೋಧಕರು 2011ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಮೂರು ದಿನದೊಳಗೆ ಎರಡೂ ಸಾಧ್ಯವಾದವರಲ್ಲಿ ನೂರಕ್ಕೆ 98 ಮಂದಿ ಆರು ತಿಂಗಳಿಗೆ ಯಾರ ಆಸರೆಯೂ ಇಲ್ಲದೆ ನಡೆದರು. ಎರಡೂ ಆಗದವರಲ್ಲಿ ಆ ಸಾಧ್ಯತೆ ನೂರಕ್ಕೆ 27. ಒಂಬತ್ತನೇ ದಿನಕ್ಕೂ ಆಗದಿದ್ದರೆ ನೂರಕ್ಕೆ 10.

ನನ್ನ ಕೇಸಿನ ಹೆಂಗಸು ಕೂರಿಸಿದರೆ ಎಡಕ್ಕೆ ವಾಲುತ್ತಾರೆ, ಕಾಲಿನಲ್ಲೂ ಏನೂ ತಿಳಿಯುವುದಿಲ್ಲ. ಹಾಗಾದರೆ ಯೋಜನೆ ಏನು? "ನಡೆಸೋದು" ಎಂದರೆ ಅದು ಉತ್ತರವಲ್ಲ. ಮನೆಗೆ ಹೋದಮೇಲೆ ಆಕೆಗೆ ಮೊದಲು ಬೇಕಾದ್ದು ಏನೆಂದು ಆಕೆಯನ್ನೇ ಕೇಳಬೇಕು. ಸಾಮಾನ್ಯವಾಗಿ ಬರುವ ಉತ್ತರ ಬಚ್ಚಲುಮನೆ, ಯಾರ ಮೇಲೂ ಭಾರ ಹಾಕದೆ. ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಬೇಕು: ಮೊದಲು ಕೂರುವ ಸಮತೋಲನ, ಆಮೇಲೆ ಒಬ್ಬರ ಸಹಾಯದಿಂದ ಮಂಚದಿಂದ ಕುರ್ಚಿಗೆ, ಆಮೇಲೆ ಎದ್ದು ನಿಲ್ಲುವುದು. ಮನೆಯಲ್ಲಿ ನೆಲದ ಕಕ್ಕಸಿದೆಯೇ, ಹೊಸ್ತಿಲು ಎಷ್ಟು ಎತ್ತರ ಎನ್ನುವುದು ಈಗಲೇ ಗೊತ್ತಿರಬೇಕು. ಕಮೋಡ್ ಕುರ್ಚಿ ಬೇಕಾದರೆ ಡಿಸ್ಚಾರ್ಜ್ ದಿನ ಹುಡುಕಲು ಹೊರಟರೆ ಆಗುವುದಿಲ್ಲ.

ಬರವಣಿಗೆಯಲ್ಲಿ ಹೆಚ್ಚಿನವರು ಸೋಲುತ್ತಾರೆ. "ವ್ಯಾಯಾಮ ಮಾಡಿಸಲಾಯಿತು, ಪರವಾಗಿಲ್ಲ" ಎಂದು ಬರೆದರೆ ರಾತ್ರಿ ಪಾಳಿಯ ನರ್ಸಿಗೆ ಏನು ತಿಳಿಯಬೇಕು? ಆ ಹುಡುಗಿ ಹೇಳಿದ ಟಿಪ್ಪಣಿ ಹೀಗಿತ್ತು: "ಎಡಭುಜ ನೋವು ಎನ್ನುತ್ತಾರೆ. ಆಸರೆಯಿಲ್ಲದೆ 8 ಸೆಕೆಂಡ್ ಕೂತರು, ಎಡಕ್ಕೆ ವಾಲಿದರು. ಎಡಗಡೆ ಗಮನವಿಲ್ಲ, ಬೀಳುವ ಅಪಾಯ ಹೆಚ್ಚು. ಎತ್ತುವಾಗ ಎಡಗೈ ಎಳೆಯಬಾರದು. ನಾಳೆ ಮತ್ತೆ ಕೂರಿಸಿ ಸಮಯ ನೋಡುವುದು." ರೋಗಿ ಹೇಳಿದ್ದು, ತಾನು ಅಳೆದದ್ದು, ಅದರ ಅರ್ಥ, ಮುಂದಿನ ಕೆಲಸ, ನಾಲ್ಕೂ ಅದರಲ್ಲಿದ್ದವು. ನಾಳೆ 8 ಸೆಕೆಂಡ್ 15 ಆದರೆ ಸುಧಾರಣೆ ಎಂದು ಯಾರು ಬೇಕಾದರೂ ಹೇಳಬಹುದು.

ಕೈ ಎಳೆಯಬಾರದೆಂಬ ಸಾಲಿಗೆ ಕಾರಣವಿದೆ. ಲಕ್ವ ಹೊಡೆದ ಭುಜದಲ್ಲಿ ಸ್ನಾಯುಗಳ ಬಿಗಿ ಹೋಗಿರುವುದರಿಂದ ಕೈಯ ತೂಕಕ್ಕೇ ಮೂಳೆ ಗೂಡಿನಿಂದ ಕೆಳಗೆ ಜಾರಬಹುದು. ಮನೆಯವರು ಪ್ರೀತಿಯಿಂದಲೇ ಆ ಕೈ ಹಿಡಿದು ಎಬ್ಬಿಸುತ್ತಾರೆ. ಆ ನೋವು ತಿಂಗಳುಗಟ್ಟಲೆ ಉಳಿದು ವ್ಯಾಯಾಮಕ್ಕೇ ಅಡ್ಡಿಯಾಗುತ್ತದೆ.

ಕೊನೆಗೆ ನಾನೇ ಮಗನಾಗಿ ಕೇಳುತ್ತೇನೆ: "ಮೇಡಂ, ಅಮ್ಮ ಮತ್ತೆ ನಡೀತಾರಾ? ನಿಜ ಹೇಳಿ." "ಖಂಡಿತ ನಡೀತಾರೆ, ಧೈರ್ಯವಾಗಿರಿ" ಎನ್ನುವವರು ನನಗೆ ಬೇಡ. "ಡಾಕ್ಟರನ್ನು ಕೇಳಿ" ಎಂದು ಜಾರಿಕೊಳ್ಳುವವರೂ ಬೇಡ. ಆ ಹುಡುಗಿ ಕುರ್ಚಿಯನ್ನು ನನ್ನ ಕಡೆ ತಿರುಗಿಸಿ ಕೂತು, "ನಿಮಗೆ ಯಾವುದರ ಭಯ ಜಾಸ್ತಿ ಅಣ್ಣ?" ಎಂದು ಮೊದಲು ಕೇಳಿದಳು. ಆಮೇಲೆ ಹೇಳಿದಳು: "ಇವತ್ತು ಅಮ್ಮನಿಗೆ ತಾವಾಗಿ ಕೂರೋಕೆ ಆಗ್ತಿಲ್ಲ, ಕಾಲೂ ಅಲುಗ್ತಿಲ್ಲ. ಆದ್ದರಿಂದ ನಡೀತಾರೆ ಅಂತಲೂ, ನಡೆಯಲ್ಲ ಅಂತಲೂ ನಾನು ಇವತ್ತು ಹೇಳೋಕಾಗಲ್ಲ. ದಿನಾ ನೋಡ್ತೀನಿ, ಒಂಬತ್ತನೇ ದಿನ ನಿಮ್ಮ ಜೊತೆ ಕೂತು ಮತ್ತೆ ಮಾತಾಡ್ತೀನಿ. ಅಲ್ಲೀವರೆಗೆ ನೀವು ಅವರ ಎಡಗಡೆ ಕೂತು ಮಾತಾಡಿಸಿ, ಅವರು ಆ ಕಡೆ ತಿರುಗಲಿ. ಎಬ್ಬಿಸಬೇಕಾದ್ರೆ ಮಾತ್ರ ನಮ್ಮನ್ನ ಕರೀರಿ."